ಗುಂಡಿನ ಸರದ ಸಣ್ಣ ನೆರಳು

ಅಡಿಕೆಗೆ ಕೊಳೆರೋಗ ಬಿದ್ದ ಒಂದು ವರ್ಷ ಮನೆಯವರು ಮಾರಿದ ಗುಂಡಿನ ಸರವನ್ನು ಅಮ್ಮನ ಫೋಟೋಕ್ಕೆ ಮತ್ತೆ ತೊಡಿಸಲು ಆಗುತ್ತದೆಯೇ ಎಂದು ಕೇಳಿಕೊಂಡು ಮಹಿಳೆಯೊಬ್ಬರು ಶಿರಸಿಯ ನಮ್ಮ ಸ್ಟುಡಿಯೋಗೆ ಬಂದರು. ಒಂದು ಕೈಯಲ್ಲಿ ಜಗಲಿಯ ಮೇಲೆ ಕುಳಿತ ಅಮ್ಮನ ಹಳೆಯ ಫೋಟೋ, ಇನ್ನೊಂದು ಕೈಯಲ್ಲಿ ಮೊಬೈಲ್. ಮೊಬೈಲ್‌ನಲ್ಲಿ ಚಿನ್ನದ ಅಂಗಡಿಯ ಕ್ಯಾಟಲಾಗಿನ ಒಂದು ಪುಟ: ಬಿಳಿ ಹಿನ್ನೆಲೆಯ ಮೇಲೆ ಹರಡಿಟ್ಟ ಗುಂಡಿನ ಸರ, ನಡುವೆ ಚಿಕ್ಕದೊಂದು ಪದಕ. "ಹೆಚ್ಚು ಕಡಿಮೆ ಇಂಥದ್ದೇ ಇತ್ತು. ಆದರೆ ಅಂಟಿಸಿದ ಹಾಗೆ ಕಾಣಬಾರದು" ಎಂದರು.

ಅಂಟಿಸಿದ ಹಾಗೆ ಕಾಣುವುದು ಏಕೆ ಎಂಬುದು ಗೊತ್ತಾದರೆ ಈ ಕೆಲಸದ ಮುಕ್ಕಾಲು ಪಾಲು ಗೊತ್ತಾದಂತೆ. ಕತ್ತರಿಸಿದ ಅಂಚು ಒರಟಾಗಿರುವುದೇ ಕಾರಣ ಎಂದು ಹಲವರು ತಿಳಿಯುತ್ತಾರೆ. ಅಂಚು ಎಷ್ಟೇ ನುಣುಪಾಗಿದ್ದರೂ ಸರ ತೇಲುವುದನ್ನು ನಾನು ನೋಡಿದ್ದೇನೆ. ಕ್ಯಾಟಲಾಗಿನ ಸರ ಮೇಜಿನ ಮೇಲೆ ಮಲಗಿದೆ. ಅದರ ಪ್ರತಿಯೊಂದು ಗುಂಡೂ ಕ್ಯಾಮೆರಾದಿಂದ ಒಂದೇ ದೂರದಲ್ಲಿದೆ. ಕೊರಳಿನಲ್ಲಿರುವ ಸರ ಹಾಗಲ್ಲ. ಅದು ಎದೆಯ ಮೇಲೆ ನಮ್ಮ ಕಡೆಗೆ ಇರುತ್ತದೆ, ಅಡ್ಡ ಮೂಳೆಯನ್ನು ಹತ್ತಿ ಇಳಿಯುತ್ತದೆ, ಹೆಗಲಿನ ಬುಡದಲ್ಲಿ ನಮ್ಮಿಂದ ದೂರಕ್ಕೆ ತಿರುಗಿ ಬೆನ್ನ ಕಡೆಗೆ ಮರೆಯಾಗುತ್ತದೆ. ಈ ತಿರುವನ್ನು ಕಣ್ಣು ಎರಡು ಗುರುತುಗಳಿಂದ ಓದುತ್ತದೆ. ಒಂದು, ಗುಂಡುಗಳ ನಡುವಿನ ಅಂತರ. ಇನ್ನೊಂದು, ಗುಂಡಿನ ಅಡಿಯ ನೆರಳು.

ಕೆಲಸಕ್ಕೆ ಕೂರುವ ಮೊದಲು ಫೋಟೋವನ್ನು ಸ್ಕ್ಯಾನ್ ಮಾಡಿ ತೆರೆಯ ಮೇಲೆ ದೊಡ್ಡದಾಗಿ ಇಟ್ಟುಕೊಂಡು ಬಹಳ ಹೊತ್ತು ನೋಡಿದೆ. ಅಮ್ಮ ಜಗಲಿಯಲ್ಲಿ ಸ್ವಲ್ಪ ಓರೆಯಾಗಿ ಕುಳಿತಿದ್ದಾರೆ. ಬೆಳಕು ಅಂಗಳದ ಕಡೆಯಿಂದ, ಅಂದರೆ ಚಿತ್ರದ ಎಡಗಡೆಯಿಂದ, ತುಸು ಮೇಲಿನಿಂದ ಬರುತ್ತಿದೆ. ಮೂಗಿನ ನೆರಳು ಚಿತ್ರದ ಬಲಗಡೆಯ ಕೆನ್ನೆಯತ್ತ ಬಾಗಿರುವುದರಿಂದ ಇದು ತಿಳಿಯಿತು. ನೆರಳಿನ ಅಂಚು ಮೆತ್ತಗಿದೆ, ನೇರ ಬಿಸಿಲಿನ ನೆರಳಿನಂತೆ ಕತ್ತರಿಸಿದ ಹಾಗಿಲ್ಲ. ಗಲ್ಲದ ಕೆಳಭಾಗದಲ್ಲಿ ಒಂದು ಮಂದವಾದ ಕೆಂಪು ಇದೆ. ಅದು ಚರ್ಮದ ಬಣ್ಣವಲ್ಲ. ಕೆಮ್ಮಣ್ಣಿನ ಅಂಗಳಕ್ಕೆ ಬಿದ್ದ ಬಿಸಿಲು ಮೇಲಕ್ಕೆ ಪುಟಿದು ಗಲ್ಲದ ಅಡಿಗೆ ಬಂದಿದೆ. ನಮ್ಮ ಕಡೆಯ ಹಳೆಯ ಮನೆಗಳ ಜಗಲಿಯಲ್ಲಿ ತೆಗೆದ ಫೋಟೋಗಳಲ್ಲಿ ಈ ಕೆಂಪು ಆಗಾಗ ಕಣ್ಣಿಗೆ ಬೀಳುತ್ತದೆ. ಚಿನ್ನದ ಗುಂಡು ಕನ್ನಡಿಯಂಥದ್ದು. ಚರ್ಮ ಇಷ್ಟು ಕೆಂಪನ್ನು ಹಿಡಿದಿದೆ ಎಂದರೆ ಗುಂಡಿನ ಕೆಳಮೈ ಇನ್ನೂ ಹೆಚ್ಚು ಹಿಡಿಯಬೇಕಿತ್ತು.

ಇದಕ್ಕಿಂತ ದೊಡ್ಡ ಸಹಾಯ ಸಿಕ್ಕಿದ್ದು ಅಮ್ಮನ ಕೊರಳಿನಲ್ಲಿದ್ದ ಕರಿಮಣಿಯಿಂದ. ಉದ್ದನೆಯ ಕರಿಮಣಿ ಕತ್ತಿನ ಎರಡೂ ಬದಿಯಿಂದ ಇಳಿದು ಸೆರಗಿನೊಳಗೆ ಹೋಗಿತ್ತು. ಇದೇ ಕೊರಳಿನ ಮೇಲೆ ಒಂದು ಸರ ಎಲ್ಲಿ ಹುಟ್ಟುತ್ತದೆ, ಅಡ್ಡ ಮೂಳೆಯ ಮೇಲೆ ಎಷ್ಟು ಏಳುತ್ತದೆ, ಅದರ ನೆರಳು ಯಾವ ಕಡೆಗೆ ಬೀಳುತ್ತದೆ ಎಂಬುದೆಲ್ಲ ಅಲ್ಲಿ ಬರೆದಿಟ್ಟಂತೆ ಇತ್ತು. ಭಾವಚಿತ್ರದಲ್ಲಿ ಆಗಲೇ ಒಂದು ಸರವೋ ದಾರವೋ ಇದ್ದರೆ ಅದನ್ನು ಅಳಿಸಲು ಅವಸರ ಮಾಡಬಾರದು. ಅಳಿಸಲೇಬೇಕಾದರೂ ಅದರ ದಾರಿಯನ್ನು ಮೊದಲು ಬೇರೊಂದು ಲೇಯರ್‌ನಲ್ಲಿ ಗೆರೆಯಾಗಿ ಎಳೆದು ಉಳಿಸಿಕೊಳ್ಳಬೇಕು. ಇಲ್ಲಿ ಅಳಿಸುವ ಪ್ರಶ್ನೆಯೇ ಇರಲಿಲ್ಲ. ಗುಂಡಿನ ಸರ ಕರಿಮಣಿಗಿಂತ ಗಿಡ್ಡ, ಹಾಗಾಗಿ ಅದರ ಒಳಬದಿಯಲ್ಲಿ ಕೂರುತ್ತದೆ.

ಮುಂದಿನದು ಅಳತೆ. ಸರ ಚೆನ್ನಾಗಿ ಕಾಣುವಷ್ಟು ದೊಡ್ಡದು ಮಾಡಿದರಾಯಿತು ಎಂದು ಎಳೆಯುತ್ತ ಹೋದರೆ ಗುಂಡುಗಳು ಲಿಂಬೆಹಣ್ಣಿನ ಗಾತ್ರಕ್ಕೆ ಬಂದುಬಿಡುತ್ತವೆ. ಲೆಕ್ಕ ಸುಲಭ. ಸಾಮಾನ್ಯ ಮೈಕಟ್ಟಿನ ಹೆಂಗಸಿನ ಕತ್ತಿನ ಅಗಲ ಸುಮಾರು 11 ಸೆಂಟಿಮೀಟರ್. ನಮ್ಮ ಸ್ಕ್ಯಾನಿನಲ್ಲಿ ಅದು 600 ಪಿಕ್ಸೆಲ್ ಇತ್ತು. ಅಂದರೆ ಒಂದು ಸೆಂಟಿಮೀಟರಿಗೆ ಹತ್ತಿರ ಹತ್ತಿರ 55 ಪಿಕ್ಸೆಲ್. ಕ್ಯಾಟಲಾಗಿನಲ್ಲಿ ಗುಂಡಿನ ಅಳತೆ 8 ಮಿಲಿಮೀಟರ್ ಎಂದಿತ್ತು, ಹಾಗಾದರೆ ಭಾವಚಿತ್ರದಲ್ಲಿ ಒಂದು ಗುಂಡು 44 ಪಿಕ್ಸೆಲ್ ಇರಬೇಕು. ಮೊಬೈಲ್‌ನಿಂದ ಮೊಬೈಲ್‌ಗೆ ದಾಟಿ ಬಂದ ಆ ಪ್ರತಿಯಲ್ಲಿ ಗುಂಡು ಬರೀ 20 ಪಿಕ್ಸೆಲ್ ಇತ್ತು. ಅದನ್ನು ಎರಡು ಪಟ್ಟು ಹಿಗ್ಗಿಸಿದರೆ ಚಿನ್ನ ಬೇಯಿಸಿದ ಆಲೂಗಡ್ಡೆಯಂತಾಗುತ್ತದೆ. ಅಂಗಡಿಯವರಿಗೆ ಫೋನ್ ಮಾಡಿ, ಯಾವ ಕೆಲಸಕ್ಕೆ ಎಂದು ಹೇಳಿ, ಒಪ್ಪಿಗೆ ಪಡೆದು ಮೂಲ ಚಿತ್ರ ತರಿಸಿಕೊಂಡೆ. ಅದರಲ್ಲಿ ಗುಂಡು 62 ಪಿಕ್ಸೆಲ್. ಶೇಕಡಾ 71ಕ್ಕೆ ಇಳಿಸಿದರೆ ಸರಿಹೋಯಿತು. ಕ್ಯಾಟಲಾಗಿನ ಚಿತ್ರವನ್ನು ಇಳಿಸುವ ಹಾಗಿರಬೇಕು, ಏರಿಸುವ ಹಾಗಿರಬಾರದು. ಈ ನಿಯಮವನ್ನು ನಾನು ಮುರಿಯುವುದಿಲ್ಲ.

ಸರವನ್ನು ಹಿನ್ನೆಲೆಯಿಂದ ಬಿಡಿಸುವುದನ್ನು ಇಲ್ಲಿ ವಿಸ್ತರಿಸುವುದಿಲ್ಲ. ಪೆನ್ ಟೂಲ್‌ನಿಂದ ಅಂಚಿನ ಒಂದು ಪಿಕ್ಸೆಲ್ ಒಳಗೆ ಗೆರೆ ಎಳೆಯಬೇಕು, ಏಕೆಂದರೆ ಹೊರಗಿನ ಆ ಒಂದು ಪಿಕ್ಸೆಲ್‌ನಲ್ಲಿ ಬಿಳಿ ಹಿನ್ನೆಲೆ ಬೆರೆತಿರುತ್ತದೆ. ಕಂದು ಚರ್ಮದ ಮೇಲೆ ಆ ಬಿಳಿ ದಾರದಂತೆ ಎದ್ದು ಕಾಣುತ್ತದೆ. ಗುಂಡು ಗುಂಡಿನ ನಡುವಿನ ಸಂದಿಗಳಲ್ಲಿ ಉಳಿದ ಬಿಳಿಯನ್ನೂ ತೆಗೆಯಬೇಕು. ಮೇಜಿನ ಮೇಲೆ ಬಿದ್ದಿದ್ದ ಬೂದು ನೆರಳನ್ನು ಪೂರ್ತಿ ಬಿಟ್ಟುಬಿಡಬೇಕು. ಅದು ಮೇಜಿನ ನೆರಳು, ಅಮ್ಮನ ಕೊರಳಿನದಲ್ಲ.

ಈಗ ಬಾಗಿಸುವ ಮಾತಿಗೆ ಬರೋಣ. ಫೋಟೋಶಾಪ್‌ನಲ್ಲಿ ಇದಕ್ಕೆಂದು ಜನ ಮೊದಲು ಹಿಡಿಯುವ ಸಾಧನ Puppet Warp. ಸರದ ಮೇಲೆ ಅಲ್ಲಲ್ಲಿ ಪಿನ್ ಚುಚ್ಚಿ, ಪಿನ್‌ಗಳನ್ನು ಎಳೆದರೆ ಸರ ರಬ್ಬರಿನ ಹಾಗೆ ಬಾಗುತ್ತದೆ. ತೆಳ್ಳಗಿನ ಚೈನಿಗೆ ಇದು ಸಾಕು. ಗುಂಡಿನ ಸರಕ್ಕೆ ಸಾಲದು, ಮತ್ತು ಏಕೆ ಸಾಲದು ಎಂಬುದು ಈ ಲೇಖನದ ತಿರುಳು.

ಮನೆಯಲ್ಲಿರುವ ಸ್ಟೀಲಿನ ತಂಬಿಗೆಗೆ ಒಂದು ಮಣಿಸರವನ್ನು ಅಡ್ಡಲಾಗಿ ಸುತ್ತಿ, ಅದನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ. ಎದುರಿಗಿರುವ ಮಣಿಗಳು ಬಿಡಿಬಿಡಿಯಾಗಿ ಕಾಣುತ್ತವೆ. ಬದಿಗೆ ಹೋದಂತೆ ಅವು ಒತ್ತೊತ್ತಾಗುತ್ತವೆ. ಅಂಚಿನ ಹತ್ತಿರ ಒಂದರ ಹಿಂದೆ ಒಂದು ಅವಿತು, ಕೊನೆಯ ಮಣಿ ಬರೀ ಒಂದು ಚೂರು ಕಾಣುತ್ತದೆ. ಮೇಲ್ಮೈ ನಮ್ಮಿಂದ ಎಷ್ಟು ಓರೆಯಾಗುತ್ತದೋ ಅಂತರ ಅಷ್ಟು ಕುಗ್ಗುತ್ತದೆ. 45 ಡಿಗ್ರಿ ತಿರುಗಿದ ಜಾಗದಲ್ಲಿ ಅಂತರ ಸುಮಾರು ಶೇಕಡಾ 70, 60 ಡಿಗ್ರಿಯಲ್ಲಿ ಅರ್ಧ, 75 ಡಿಗ್ರಿಯಲ್ಲಿ ಕಾಲುಭಾಗ. ನಮ್ಮ 44 ಪಿಕ್ಸೆಲ್ ಗುಂಡುಗಳಿಗೆ ಹೇಳುವುದಾದರೆ ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಎದುರಿನಲ್ಲಿ 44, ಬದಿಗೆ ಹೋಗುತ್ತ 31, ಆಮೇಲೆ 22, ಮರೆಯಾಗುವ ಮುನ್ನ 11 ಪಿಕ್ಸೆಲ್.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಅಂತರ ಕುಗ್ಗುತ್ತದೆ, ಆದರೆ ಗುಂಡು ಕುಗ್ಗುವುದಿಲ್ಲ. ಗೋಲವನ್ನು ಯಾವ ಕಡೆಯಿಂದ ನೋಡಿದರೂ ದುಂಡಗೇ ಕಾಣುತ್ತದೆ. ಕಾಸಿನ ಸರವಾದರೆ ಕಥೆ ಬೇರೆ. ಕಾಸು ಚಪ್ಪಟೆ, ಬದಿಗೆ ತಿರುಗಿದಂತೆ ಅದು ಅಂಡಾಕಾರವಾಗಿ ಕೊನೆಗೆ ಒಂದು ಗೆರೆಯಾಗಿಬಿಡುತ್ತದೆ. ಹಾಗಾಗಿ ಕಾಸಿನ ಸರದ ಬದಿಗಳನ್ನು ಅಡ್ಡಡ್ಡ ಒತ್ತಿದರೆ ಸರಿಯಾಗಿಯೇ ಕಾಣುತ್ತದೆ. ಗುಂಡಿನ ಸರವನ್ನು ಹಾಗೆ ಒತ್ತಿದರೆ ಗುಂಡುಗಳು ಮೊಟ್ಟೆಗಳಾಗುತ್ತವೆ. ನೋಡುವವರಿಗೆ ಏನು ತಪ್ಪಾಗಿದೆ ಎಂದು ಹೇಳಲು ಬರುವುದಿಲ್ಲ, ಆದರೆ ಏನೋ ತಪ್ಪಾಗಿದೆ ಎಂದು ಗೊತ್ತಾಗುತ್ತದೆ. Puppet Warp ಮಾಡುವುದು ಇದನ್ನೇ. ಅದು ಚಿತ್ರವನ್ನು ಹಾಳೆಯಂತೆ ಎಳೆಯುತ್ತದೆ, ಅಂತರವನ್ನೂ ಗುಂಡನ್ನೂ ಒಟ್ಟಿಗೇ ಕುಗ್ಗಿಸುತ್ತದೆ.

ಅದು ಮಾಡುವ ಎರಡನೆಯ ಹಾನಿ ಇನ್ನೂ ಸೂಕ್ಷ್ಮ. ಪ್ರತಿಯೊಂದು ಗುಂಡಿನ ಮೇಲೆ ಬೆಳಕಿನ ಒಂದು ಚುಕ್ಕೆ ಇರುತ್ತದೆ. ಸರ ಹೇಗೇ ಬಾಗಲಿ, ಗುಂಡು ದಾರದ ಮೇಲೆ ಹೇಗೇ ಉರುಳಲಿ, ಆ ಚುಕ್ಕೆ ಬೆಳಕು ಬರುವ ಕಡೆಗೇ ಇರುತ್ತದೆ. ಚಿತ್ರವನ್ನು ಬಾಗಿಸಿದಾಗ ಗುಂಡಿನ ಜೊತೆ ಚುಕ್ಕೆಯೂ ತಿರುಗುತ್ತದೆ. ಎಡದ ತೋಳಿನ ಗುಂಡುಗಳಿಗೆ ಬೆಳಕು ಒಂದು ಕಡೆಯಿಂದ, ಬಲದ ತೋಳಿನವಕ್ಕೆ ಇನ್ನೊಂದು ಕಡೆಯಿಂದ ಬಂದಂತಾಗುತ್ತದೆ. ಒಂದು ಬದಿಯನ್ನು ಚೆನ್ನಾಗಿ ಮಾಡಿ ಅದನ್ನೇ ಮಗುಚಿ ಇನ್ನೊಂದು ಬದಿಗೆ ಇಡುವವರೂ ಇದೇ ತಪ್ಪನ್ನು ಮಾಡುತ್ತಾರೆ. ಸೂರ್ಯ ಎರಡಾದಂತೆ.

ಹಾಗಾಗಿ ನಾನು ಸರವನ್ನು ಬಿಚ್ಚಿದೆ. ಕ್ಯಾಟಲಾಗಿನ ಚಿತ್ರದಿಂದ ಸ್ವಚ್ಛವಾದ ಹತ್ತು ಗುಂಡುಗಳನ್ನು ಒಂದೊಂದಾಗಿ ಬೇರೆ ಬೇರೆ ಲೇಯರ್‌ಗೆ ತೆಗೆದುಕೊಂಡೆ. ಒಂದೇ ಗುಂಡನ್ನು ಮೂವತ್ತು ಸಲ ನಕಲು ಮಾಡಿದರೆ ಅಕ್ಕಸಾಲಿಗನ ಸರ ಅಚ್ಚಿನ ಸರವಾಗುತ್ತದೆ, ಹತ್ತಿದ್ದರೆ ಹಿಂದುಮುಂದು ಬೆರೆಸಿ ಹಾಕಬಹುದು. ಆಮೇಲೆ ಕರಿಮಣಿಯ ದಾರಿಯನ್ನು ನೋಡಿಕೊಂಡು ಅದರ ಒಳಬದಿಗೆ ಪೆನ್ ಟೂಲ್‌ನಿಂದ ಒಂದು ಗೆರೆ ಎಳೆದೆ.

ಈ ಗೆರೆ ಎಳೆಯುವಾಗ ಬಹಳ ಮಂದಿ ಅಂದವಾದ ಅರ್ಧವೃತ್ತವನ್ನು ಎಳೆಯುತ್ತಾರೆ. ಮೈಮೇಲಿನ ಸರ ಅರ್ಧವೃತ್ತವಲ್ಲ. ಹೆಗಲಿನ ಬುಡದಿಂದ ಅದು ಸುಮಾರು ನೇರವಾಗಿ ಇಳಿಯುತ್ತದೆ, ಅಡ್ಡ ಮೂಳೆಯನ್ನು ದಾಟುವಲ್ಲಿ ತುಸು ಉಬ್ಬುತ್ತದೆ, ಆಮೇಲೆ ಎದೆಯ ಮೇಲೆ ಬಾಗುತ್ತದೆ. ನಡುವೆ ಪದಕದ ಭಾರವಿದ್ದರೆ ತಳ ದುಂಡಗಿರದೆ ಚೂಪಾಗುತ್ತದೆ. ತಳದ ಬಿಂದು ಎಲ್ಲಿ ಬರಬೇಕು ಎಂಬುದಕ್ಕೆ ಗಲ್ಲವನ್ನು ನೋಡಬಾರದು. ಮುಖ ಒಂದು ಕಡೆಗೆ ತಿರುಗಿರಬಹುದು, ಎದೆ ಇನ್ನೊಂದು ಕಡೆಗೆ ಇರಬಹುದು. ಸರ ಎದೆಯ ಜೊತೆಗೆ ಹೋಗುತ್ತದೆ. ಎರಡು ಅಡ್ಡ ಮೂಳೆಗಳು ಕೂಡುವಲ್ಲಿ ಕೊರಳ ಗುಳಿ ಇರುತ್ತದೆ. ಪದಕ ಅದರ ನೇರ ಕೆಳಗೆ. ಈ ಫೋಟೋದಲ್ಲಿ ಅಮ್ಮ ಮುಖವನ್ನು ಕ್ಯಾಮೆರಾದ ಕಡೆಗೆ ತಿರುಗಿಸಿದ್ದರೂ ಮೈ ಅಂಗಳದ ಕಡೆಗಿತ್ತು. ಗಲ್ಲದ ಕೆಳಗೆ ಪದಕ ಇಟ್ಟಿದ್ದರೆ ಅದು ಮೂರು ಗುಂಡಿನಷ್ಟು ಬಲಕ್ಕೆ ಸರಿದು, ಯಾರೋ ಸರವನ್ನು ಪಕ್ಕಕ್ಕೆ ಎಳೆದ ಹಾಗೆ ಕಾಣುತ್ತಿತ್ತು.

ಗುಂಡುಗಳನ್ನು ಪದಕದಿಂದ ಆರಂಭಿಸಿ ಎರಡೂ ಕಡೆಗೆ ಜೋಡಿಸುತ್ತ ಹೋದೆ. ಎಡಕ್ಕೆ 14, ಬಲಕ್ಕೆ 16. ಮೈ ಎಡಕ್ಕೆ ತಿರುಗಿದ್ದರಿಂದ ಎಡಗಡೆ ಮರೆಯಾಗುವುದು ಬೇಗ. ಎರಡೂ ಕಡೆ ಸಮನಾಗಿ ಕಂಡರೆ ಅದೇ ತಪ್ಪು. ಗುಂಡುಗಳು ಒಂದರ ಮೇಲೊಂದು ಬರುವಲ್ಲಿ ಪದಕಕ್ಕೆ ಹತ್ತಿರವಿರುವ ಗುಂಡು ಮೇಲಿನ ಲೇಯರ್‌ನಲ್ಲಿ, ಹಿಂದಿನದು ಕೆಳಗಿನ ಲೇಯರ್‌ನಲ್ಲಿ. ಯಾವ ಗುಂಡನ್ನೂ ತಿರುಗಿಸಲಿಲ್ಲ, ಬರೀ ಸರಿಸಿದೆ. ಇಡೀ ಸರಕ್ಕೆ ಒಂದು ಮಧ್ಯಾಹ್ನ ಹಿಡಿಯಿತು.

ಇಷ್ಟಾದ ಮೇಲೆ ಸರ ಕೊರಳನ್ನು ಸುತ್ತಿದಂತೆ ಕಾಣತೊಡಗಿತು. ಆದರೆ ಅಂಗಡಿಯ ದೀಪದ ಕೆಳಗೇ ಇತ್ತು. ಕ್ಯಾಟಲಾಗಿನ ಫೋಟೋಗೆ ಎರಡು ಕಡೆಯಿಂದ ಬೆಳಕು ಕೊಟ್ಟಿದ್ದರು, ಆದ್ದರಿಂದ ಪ್ರತಿ ಗುಂಡಿಗೂ ಎರಡು ಹೊಳಪು. ಜಗಲಿಯಲ್ಲಿ ಬೆಳಕು ಒಂದೇ ಕಡೆಯಿಂದ. ಬಲಗಡೆಯ ಹೊಳಪುಗಳನ್ನು ಮಂದ ಕಂದಿನಿಂದ ಮುಚ್ಚಿದೆ. ಉಳಿದ ಹೊಳಪು ಎಷ್ಟು ಪ್ರಕಾಶವಾಗಿರಬೇಕು? ಅಮ್ಮನ ಕಿವಿಯ ಓಲೆಯನ್ನು ಕೇಳಿದೆ. ಅದೂ ಚಿನ್ನ, ಅದೇ ಬೆಳಕಿನಲ್ಲಿದ್ದ ಚಿನ್ನ. ಅದರ ಅತಿ ಹೊಳೆಯುವ ಚುಕ್ಕೆಯ ಬೆಲೆ ಕೆಂಪು 238, ಹಸಿರು 214, ನೀಲಿ 158. ಕ್ಯಾಟಲಾಗಿನ ಗುಂಡಿನ ಹೊಳಪಿನಲ್ಲಿ ಮೂರೂ 250ರ ಆಸುಪಾಸು, ಅಂದರೆ ಹೆಚ್ಚುಕಡಿಮೆ ಬಿಳಿ. Curves ತೆರೆದು ನೀಲಿಯನ್ನು ಹೆಚ್ಚು, ಹಸಿರನ್ನು ಸ್ವಲ್ಪ, ಕೆಂಪನ್ನು ಇನ್ನೂ ಕಡಿಮೆ ಇಳಿಸಿ ಓಲೆಗೆ ಸರಿಹೊಂದಿಸಿದೆ. ಭಾವಚಿತ್ರದಲ್ಲಿ ಓಲೆಯೋ ಮೂಗುತಿಯೋ ಇದ್ದರೆ ಚಿನ್ನದ ಬಣ್ಣವನ್ನು ಊಹಿಸಬೇಕಾಗಿಲ್ಲ. ಗುಂಡುಗಳ ಕೆಳಮೈಗೆ ಅಂಗಳದ ಕೆಂಪನ್ನು ತೆಳುವಾಗಿ ಹಚ್ಚಿದೆ. ಹಳೆಯ ಫೋಟೋ ತುಸು ಮಸುಕು, ಅದಕ್ಕೆ ತನ್ನದೇ ಆದ ಕಣಕಣವಾದ ಮೈ ಇರುತ್ತದೆ. ಸರಕ್ಕೂ ಅರ್ಧ ಪಿಕ್ಸೆಲ್‌ಗಿಂತ ಸ್ವಲ್ಪ ಹೆಚ್ಚು ಮಸುಕು ಕೊಟ್ಟು, ಅಷ್ಟೇ ಕಣಗಳನ್ನು ಸೇರಿಸಿದೆ.

ಇನ್ನು ನೆರಳು. ಇದನ್ನು ನಿಧಾನವಾಗಿ ಹೇಳಬೇಕು.

ಫೋಟೋಶಾಪ್‌ನ Drop Shadow ಒತ್ತಿದರೆ ಇಡೀ ಸರಕ್ಕೆ ಒಂದೇ ದೂರದಲ್ಲಿ, ಒಂದೇ ಕಪ್ಪಿನಲ್ಲಿ, ಒಂದೇ ಮಸುಕಿನಲ್ಲಿ ನೆರಳು ಬರುತ್ತದೆ. ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ಸರಕ್ಕೆ ಅದು ಒಪ್ಪುತ್ತದೆ. ಕೊರಳು ಗೋಡೆಯಲ್ಲ. ನೆರಳನ್ನು ನಾನು ಎರಡಾಗಿ ಹಚ್ಚುತ್ತೇನೆ, ಏಕೆಂದರೆ ನಿಜದಲ್ಲಿಯೂ ಅವು ಎರಡು.

ಮೊದಲನೆಯದು ಒತ್ತಿನ ನೆರಳು. ಗುಂಡು ಚರ್ಮವನ್ನು ಮುಟ್ಟುವ ಜಾಗಕ್ಕೆ ಯಾವ ಕಡೆಯ ಬೆಳಕೂ ಹೋಗಲಾರದು. ಅಲ್ಲಿ ತೀರ ಸಣ್ಣ, ತೀರ ಗಾಢವಾದ ಒಂದು ಗೆರೆ ಮೂಡುತ್ತದೆ. ನಮ್ಮ ಅಳತೆಯಲ್ಲಿ ಎರಡು ಮೂರು ಪಿಕ್ಸೆಲ್ ದಪ್ಪ, ಗುಂಡಿನ ಕೆಳಬದಿಗೆ ಅಂಟಿಕೊಂಡಂತೆ. ಸರ ಮೈಮೇಲೆ ಕೂತಿದೆ ಎಂದು ಕಣ್ಣಿಗೆ ಹೇಳುವುದು ಇದೇ. ಎರಡನೆಯ ನೆರಳು ಎಷ್ಟೇ ಚೆನ್ನಾಗಿದ್ದರೂ ಇದು ಇಲ್ಲದಿದ್ದರೆ ಸರ ತೇಲುತ್ತದೆ. ಇದಕ್ಕೆ ಬೆಳಕಿನ ದಿಕ್ಕಿನ ಹಂಗೂ ಇಲ್ಲ, ಗುಂಡು ಮುಟ್ಟಿದಲ್ಲೆಲ್ಲ ಇರುತ್ತದೆ.

ಎರಡನೆಯದು ಬೀಳುವ ನೆರಳು. ಇದು ಮೆತ್ತಗೆ, ಬೆಳಕಿನ ಎದುರು ದಿಕ್ಕಿಗೆ. ಇದು ಎಷ್ಟು ದೂರ ಬೀಳಬಹುದು ಎಂಬುದಕ್ಕೆ ಒಂದು ಮಿತಿ ಇದೆ. ಚರ್ಮದ ಮೇಲೆ ಕೂತ ಗುಂಡಿನ ನಡು ಚರ್ಮದಿಂದ ಅರ್ಧ ಗುಂಡಿನಷ್ಟು ಎತ್ತರದಲ್ಲಿದೆ, ಅಂದರೆ 22 ಪಿಕ್ಸೆಲ್. ಬೆಳಕು 45 ಡಿಗ್ರಿ ಓರೆಯಾಗಿ ಬಂದರೆ ನೆರಳಿನ ನಡು ಅಷ್ಟೇ, 22 ಪಿಕ್ಸೆಲ್, ಆಚೆಗೆ ಸರಿಯುತ್ತದೆ. ಬೆಳಕು ಎದುರಿನಿಂದ ಬಂದಷ್ಟೂ ಇದು ಕಡಿಮೆಯಾಗುತ್ತದೆ. ಈ ಫೋಟೋದಲ್ಲಿ ಮೂಗಿನ ನೆರಳನ್ನೂ ಕರಿಮಣಿಯ ನೆರಳನ್ನೂ ನೋಡಿ 14 ಪಿಕ್ಸೆಲ್‌ಗೆ ನಿಲ್ಲಿಸಿದೆ. ಚೆಲುವಿಗೆಂದು 50 ಪಿಕ್ಸೆಲ್ ಸರಿಸಿದ್ದರೆ ಗುಂಡು ಚರ್ಮದಿಂದ ಒಂದು ಬೆರಳಿನಷ್ಟು ಮೇಲೆ ತೂಗುತ್ತಿದೆ ಎಂದು ಕಣ್ಣು ಲೆಕ್ಕ ಹಾಕುತ್ತಿತ್ತು. ಕಣ್ಣಿಗೆ ಈ ಲೆಕ್ಕ ಕಲಿಸಬೇಕಾಗಿಲ್ಲ.

ಆ 14 ಎಂಬುದು ಎದೆಯ ಮೇಲಿನ ಸಮತಟ್ಟಾದ ಭಾಗಕ್ಕೆ ಮಾತ್ರ. ಸರದ ದಾರಿಯಲ್ಲಿ ಎಡದಿಂದ ಬಲಕ್ಕೆ ಹೋಗೋಣ. ಎಡಗಡೆ ಹೆಗಲಿನ ಬುಡದಲ್ಲಿ ಚರ್ಮ ಅಂಗಳದ ಬೆಳಕಿಗೆ ಮುಖ ಮಾಡಿದೆ. ಅಲ್ಲಿ ನೆರಳು ಗುಂಡಿನ ಅಡಿಗೇ ಸೇರಿಕೊಂಡು ಬಹುತೇಕ ಕಾಣುವುದಿಲ್ಲ. ಅಡ್ಡ ಮೂಳೆಯ ಉಬ್ಬಿನ ಮೇಲೆ ಗುಂಡು ಬಿಗಿಯಾಗಿ ಕೂತಿದೆ, ನೆರಳು ಚಿಕ್ಕದು, ಅಂಚು ಚೂಪು. ಮೂಳೆಯನ್ನು ದಾಟಿದ ಕೂಡಲೇ ಚರ್ಮ ತಗ್ಗಾಗುತ್ತದೆ. ಸರ ಆ ತಗ್ಗಿಗೆ ಇಳಿಯುವುದಿಲ್ಲ, ಸೇತುವೆಯಂತೆ ಮೇಲಿನಿಂದ ಹಾಯುತ್ತದೆ. ಅಲ್ಲಿ ಎರಡು ಮೂರು ಗುಂಡುಗಳ ಮಟ್ಟಿಗೆ ಒತ್ತಿನ ನೆರಳು ಇರಬಾರದು, ಬೀಳುವ ನೆರಳು ಗುಂಡಿನಿಂದ ಬಿಡಿಸಿಕೊಂಡು ತುಸು ದೂರಕ್ಕೆ ಹೋಗಿ ಮಸುಕಾಗಬೇಕು. ಎದೆಯ ಮೇಲೆ ಮತ್ತೆ ಎರಡೂ ಸೇರುತ್ತವೆ. ಬಲಗಡೆ ಹೋದಂತೆ ಚರ್ಮ ಬೆಳಕಿನಿಂದ ಮುಖ ತಿರುಗಿಸುತ್ತದೆ, ನೆರಳು ಉದ್ದವಾಗುತ್ತ ಹೋಗಿ ಕತ್ತಿನ ಸ್ವಂತ ಕತ್ತಲಿನಲ್ಲಿ ಕರಗಿಬಿಡುತ್ತದೆ. ಬೆಳಕೇ ಹೋಗದ ಜಾಗದಲ್ಲಿ ಬೀಳುವ ನೆರಳು ಇರಲು ಸಾಧ್ಯವಿಲ್ಲ. ಅಲ್ಲಿ ಉಳಿಯುವುದು ಒತ್ತಿನ ನೆರಳು ಮಾತ್ರ. ಗಲ್ಲದ ನೆರಳಿನ ಒಳಗೂ ಹೀಗೆಯೇ. ಕತ್ತಲಿನ ಮೇಲೆ ಇನ್ನೊಂದು ಕತ್ತಲನ್ನು ಹೇರಿದ ಚಿತ್ರಗಳು ಎಷ್ಟೋ ಸ್ಟುಡಿಯೋಗಳ ಗೋಡೆಯ ಮೇಲಿವೆ.

ಇದನ್ನು ಕೈಯಿಂದಲೇ ಹಚ್ಚಬಹುದು. ಶುರುವಿಗೆ Drop Shadow ಬಳಸಿದರೂ ಅಡ್ಡಿಯಿಲ್ಲ, ಆದರೆ ಅದನ್ನು ಬೇರೆ ಲೇಯರ್ ಆಗಿ ಬಿಡಿಸಿಕೊಳ್ಳಬೇಕು. Layer > Layer Style > Create Layers ಎಂಬಲ್ಲಿ ಅದು ಆಗುತ್ತದೆ. ಆಮೇಲೆ ಮಾಸ್ಕ್ ಹಾಕಿ ಎಡಗಡೆ ತೆಳುಮಾಡಿ, ತಗ್ಗಿನಲ್ಲಿ ಸರಿಸಿ, ಬಲಗಡೆ ಕರಗಿಸುವುದು.

ನೆರಳಿನ ಬಣ್ಣ ಕಪ್ಪಲ್ಲ. ಚರ್ಮದೊಳಗೆ ಹೊಕ್ಕ ಬೆಳಕು ಒಳಗೇ ಹರಡಿ ಕೆಂಪಾಗಿ ಹೊರಬರುತ್ತದೆ. ಅಂಗೈಯನ್ನು ಟಾರ್ಚಿನ ಮುಂದೆ ಹಿಡಿದಾಗ ಬೆರಳುಗಳ ಅಂಚು ಕೆಂಪಾಗುವುದನ್ನು ಎಲ್ಲರೂ ನೋಡಿರುತ್ತಾರೆ. ಆದ್ದರಿಂದ ಚರ್ಮದ ಮೇಲಿನ ಸಣ್ಣ ನೆರಳುಗಳ ಅಂಚು ಕೆಂಗಂದು. ಬೂದು ಅಥವಾ ಕಪ್ಪು ನೆರಳು ಹಾಕಿದರೆ ಕೊರಳಿಗೆ ಮಸಿ ಹತ್ತಿದಂತಾಗುತ್ತದೆ. ನಾನು ಬಣ್ಣವನ್ನು ಅದೇ ಫೋಟೋದ ದವಡೆಯ ಅಡಿಯಿಂದ ಎತ್ತಿಕೊಂಡೆ. ಲೇಯರ್ ಅನ್ನು Multiply ಮಾಡಿ ಒತ್ತಿನ ನೆರಳಿಗೆ ಶೇಕಡಾ 60, ಬೀಳುವ ನೆರಳಿಗೆ ಶೇಕಡಾ 30ರ ಸುಮಾರು ಗಾಢತೆ ಇಟ್ಟೆ. ಈ ಅಂಕಿಗಳನ್ನು ಹಾಗೆಯೇ ನಕಲು ಮಾಡಬಾರದು. ಫೋಟೋದಲ್ಲಿರುವ ಇನ್ನೊಂದು ನೆರಳಿನ ಪಕ್ಕದಲ್ಲಿ ಇದು ಬೇರೆಯಾಗಿ ಕಾಣದಂತಾಗುವವರೆಗೆ ಹೊಂದಿಸಬೇಕು.

ಪದಕದ ತುದಿ ಸೆರಗಿನ ಅಂಚನ್ನು ಮುಟ್ಟುತ್ತಿತ್ತು. ಬಟ್ಟೆಯ ಮೇಲೆ ಬಿದ್ದ ನೆರಳು ಕೆಂಗಂದಲ್ಲ, ಆ ಬಟ್ಟೆಯದೇ ಕಡು ಬಣ್ಣ. ಹಸಿರು ಸೀರೆಗೆ ಕಡು ಹಸಿರು. ಸೀರೆಯ ಮಡಿಕೆ ಚರ್ಮಕ್ಕಿಂತ ತುಸು ಎತ್ತರದಲ್ಲಿರುವುದರಿಂದ ನೆರಳಿನ ಗೆರೆ ಚರ್ಮದಿಂದ ಬಟ್ಟೆಗೆ ದಾಟುವಲ್ಲಿ ಒಂದು ಮೆಟ್ಟಿಲು ಹತ್ತಿದಂತೆ ಮುರಿಯುತ್ತದೆ. ಅದನ್ನು ಮುರಿಯದೆ ಎಳೆದರೆ ಸೀರೆ ಚರ್ಮದ ಮೇಲೆ ಬರೆದ ಬಣ್ಣದಂತಾಗುತ್ತದೆ.

ಗಲ್ಲ ಕೂಡ ಸರದ ಮೇಲೆ ನೆರಳು ಚೆಲ್ಲುತ್ತದೆ ಎಂಬುದನ್ನು ಮರೆಯುವುದು ಸುಲಭ. ಬಲಗಡೆ ಕತ್ತಿನ ಹತ್ತಿರದ ಐದು ಗುಂಡುಗಳು ಗಲ್ಲದ ನೆರಳಿನ ಒಳಗಿದ್ದವು. ಅವುಗಳನ್ನು ಸುತ್ತಲಿನ ಚರ್ಮ ಎಷ್ಟು ಕಪ್ಪಾಗಿದೆಯೋ ಅಷ್ಟು ಮಂದಗೊಳಿಸಿ, ಎಡಹೊಳಪನ್ನು ಪೂರ್ತಿ ತೆಗೆದು, ಕೆಳಗಿನ ಅಂಗಳದ ಕೆಂಪನ್ನು ಮಾತ್ರ ಉಳಿಸಿದೆ. ಚಿನ್ನ ಕತ್ತಲಿನಲ್ಲಿಯೂ ಹೊಳೆಯಬೇಕು ಎಂಬ ಆಸೆ ಗಿರಾಕಿಗಳಿಗೂ ಇರುತ್ತದೆ, ಕೆಲಸ ಮಾಡುವವರಿಗೂ. ಆ ಆಸೆಯನ್ನು ಬಿಟ್ಟಾಗಲೇ ಬೆಳಕಿನಲ್ಲಿರುವ ಉಳಿದ ಗುಂಡುಗಳು ಚಿನ್ನವಾಗಿ ಕಾಣುತ್ತವೆ.

ಪರೀಕ್ಷೆಗೆ ನಾನು ನೆಚ್ಚುವುದು ಮೂರನ್ನು. ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಅಡ್ಡಲಾಗಿ ಮಗುಚಿ ನೋಡಿದರೆ ರೂಢಿಯಾದ ಕಣ್ಣು ಹೊಸದಾಗುತ್ತದೆ, ಪದಕ ಸರಿದಿದ್ದರೆ ಕೂಡಲೇ ಗೊತ್ತಾಗುತ್ತದೆ. ಬಣ್ಣವನ್ನು ತೆಗೆದು ಕಪ್ಪು-ಬಿಳುಪಿನಲ್ಲಿ ನೋಡಿದರೆ ಹೊಳಪು ಹೆಚ್ಚಾಗಿರುವ ಗುಂಡುಗಳು ಹಲ್ಲಿನಂತೆ ಎದ್ದು ನಿಲ್ಲುತ್ತವೆ. ಕೊನೆಗೆ ಅಂಚೆಚೀಟಿಯಷ್ಟು ಚಿಕ್ಕದು ಮಾಡಿ ನೋಡಬೇಕು. ಅಷ್ಟು ಚಿಕ್ಕದರಲ್ಲಿ ಮುಖಕ್ಕಿಂತ ಮೊದಲು ಸರ ಕಣ್ಣಿಗೆ ಬಿದ್ದರೆ ಏನೋ ಇನ್ನೂ ಅತಿಯಾಗಿದೆ ಎಂದು ಅರ್ಥ. ಈ ಸರ ಮೂರನೆಯದರಲ್ಲಿ ಸೋತಿತು. ಒಂದು ರಾತ್ರಿ ಬಿಟ್ಟು, ಮರುದಿನ ಚಿನ್ನವನ್ನು ಇನ್ನೂ ಒಂದಿಷ್ಟು ಮಂದ ಮಾಡಿದೆ.

ಎಲ್ಲ ಫೋಟೋಗೂ ಇದು ಆಗುವುದಿಲ್ಲ ಎಂಬುದನ್ನೂ ಹೇಳಬೇಕು. ಮೈ ಬಹಳ ಓರೆಯಾಗಿದ್ದರೆ ಎದುರಿನಿಂದ ತೆಗೆದ ಪದಕದ ಚಿತ್ರ ಕೆಲಸಕ್ಕೆ ಬಾರದು. ಗುಂಡಿಗೆ ಎಲ್ಲ ಕಡೆಯೂ ಒಂದೇ ಮುಖ, ಪದಕಕ್ಕೆ ಹಾಗಲ್ಲ. ಅದರ ದಪ್ಪವೂ ಬದಿಯ ಕೆತ್ತನೆಯೂ ಕಾಣಬೇಕಾಗುತ್ತದೆ, ಮತ್ತು ಅದು ಕ್ಯಾಟಲಾಗಿನಲ್ಲಿ ಇರುವುದಿಲ್ಲ. ಆಗ ಅಂಗಡಿಗೆ ಹೋಗಿ ಆ ಕೋನದಲ್ಲಿ ಒಂದು ಫೋಟೋ ತೆಗೆದುಕೊಂಡು ಬರುವುದೇ ದಾರಿ. ಸಡಿಲವಾದ ಕೂದಲು ಕೊರಳಿನ ಮೇಲೆ ಬಿದ್ದಿದ್ದರೆ ಸರ ಕೂದಲಿನ ಹಿಂದೆ ಹೋಗಬೇಕು, ಎಳೆ ಎಳೆಯಾಗಿ ಬಿಡಿಸಬೇಕು. ಅದು ಬೇರೆಯದೇ ಕೆಲಸ.

ಮಹಿಳೆ ಮತ್ತೆ ಬಂದಾಗ ತೆರೆಯ ಮೇಲೆ ತೋರಿಸಿದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಬೆರಳನ್ನು ಪದಕದ ಎಡಕ್ಕೆ ಇಟ್ಟು ಹೇಳಿದರು: "ಇಲ್ಲಿ ಮೂರನೆಯ ಗುಂಡು ನಗ್ಗಿತ್ತು. ಚಿಕ್ಕವಳಿದ್ದಾಗ ನಾನೇ ಕಚ್ಚಿದ್ದೆನಂತೆ. ಅಮ್ಮ ಅದನ್ನು ಸರಿಮಾಡಿಸಲೇ ಇಲ್ಲ."

"ಕೂತುಕೊಳ್ಳಿ ಅಕ್ಕಾ, ಹತ್ತು ನಿಮಿಷದ ಕೆಲಸ" ಎಂದೆ.

ನಗ್ಗಿದ ಜಾಗದಲ್ಲಿ ಬೆಳಕು ಉಲ್ಟಾ ಕೂರುತ್ತದೆ. ಉಬ್ಬಿದ ಗುಂಡಿಗೆ ಎಡಗಡೆ ಹೊಳಪು, ಬಲಗಡೆ ಕತ್ತಲು. ತಗ್ಗಿಗೆ ಎಡದ ಗೋಡೆ ಕತ್ತಲು, ಬಲದ ಗೋಡೆಗೆ ಬೆಳಕು. ಮೂರನೆಯ ಗುಂಡಿನ ಮೇಲೆ ಅಕ್ಕಿಕಾಳಿನಷ್ಟು ಉದ್ದದ ಒಂದು ಕಂದು ಬಾಗುಗೆರೆ ಎಳೆದು, ಅದರ ಬಲಕ್ಕೆ ಓಲೆಯ ಹೊಳಪಿನ ಬಣ್ಣದಿಂದ ಒಂದು ಸಣ್ಣ ಗೆರೆ ಇಟ್ಟೆ. ಅವರು ಕುರ್ಚಿಯನ್ನು ತೆರೆಯ ಹತ್ತಿರಕ್ಕೆ ಎಳೆದುಕೊಂಡು, "ಇನ್ನೂ ಸ್ವಲ್ಪ ಕೆಳಗೆ" ಎಂದರು. ಸ್ವಲ್ಪ ಕೆಳಗೆ ಸರಿಸಿದೆ.